ಸ್ಲಾಟಿಗೆ ಕೂತರೆ ಸಾಲದು: ಬೇರೆ ಬೇರೆ ತಯಾರಕರ ರ‍್ಯಾಮ್ ಕುರಿತ ಒಂದು ಪಾಠ

ಪ್ರಥಮ ಪಿಯುಸಿಯ ಗಣಕ ವಿಜ್ಞಾನದಲ್ಲಿ ಸ್ಮೃತಿಯ ಘಟಕ ಬೋಧಿಸುವಾಗ ರ‍್ಯಾಮ್‌ಗೂ ರಾಮ್‌ಗೂ ಇರುವ ವ್ಯತ್ಯಾಸ ಬರೆಸಿ ಮುಂದಕ್ಕೆ ಹೋಗುವುದು ವಾಡಿಕೆ. ನಾನು ಮಾದರಿ ಪಾಠಕ್ಕೆ ಆರಿಸಿಕೊಂಡದ್ದು ಅದರ ಮುಂದಿನ ಒಂದು ಪ್ರಶ್ನೆಯನ್ನು: ಎರಡು ತಯಾರಕರ ರ‍್ಯಾಮ್ ಜೋಡಿಗಳು ಬೇರೆ ಬೇರೆಯಾಗಿ ಸರಿಯಾಗಿಯೇ ಕೆಲಸ ಮಾಡುತ್ತವೆ, ಒಟ್ಟಿಗೆ ಹಾಕಿದರೆ ಯಂತ್ರ ಏಕೆ ಏಳುವುದಿಲ್ಲ?

ಪೂರ್ವಜ್ಞಾನ ಪರೀಕ್ಷೆಯಲ್ಲಿ ಬಂದ ಉತ್ತರ ಬಹುತೇಕ ಒಂದೇ: "ಸ್ಲಾಟಿಗೆ ಸರಿಯಾಗಿ ಕೂತರೆ ಕೆಲಸ ಮಾಡುತ್ತದೆ, ಸಾರ್." ಈ ತಪ್ಪು ಕಲ್ಪನೆಗೂ ಒಂದು ಆಧಾರವಿದೆ. ಡಿಡಿಆರ್3 ಪಟ್ಟಿಗೆ 240 ಪಿನ್, ಡಿಡಿಆರ್4ಕ್ಕೆ 288. ಅಂಚಿನ ಕಚ್ಚಿನ ಜಾಗವೂ ಬೇರೆ. ಆದ್ದರಿಂದ ಒಂದರ ಸ್ಲಾಟಿಗೆ ಇನ್ನೊಂದು ಇಳಿಯುವುದೇ ಇಲ್ಲ. ಆದರೆ ಆ ಕಚ್ಚು ಕಾಯುವುದು ತಲೆಮಾರನ್ನು ಮಾತ್ರ. ಒಂದೇ ತಲೆಮಾರಿನ ಎರಡು ಪಟ್ಟಿಗಳ ವೇಗ, ವೋಲ್ಟೇಜ್, ಟೈಮಿಂಗ್ ಹೊಂದುತ್ತವೆಯೇ ಎಂಬುದನ್ನು ಅದು ನೋಡುವುದಿಲ್ಲ. ಪಾಠ ಶುರುವಾಗಬೇಕಾದದ್ದು ಇಲ್ಲಿಂದ.

ಉದಾಹರಣೆಗೆ ಪ್ರಯೋಗಾಲಯದ ಒಂದು ಯಂತ್ರವನ್ನೇ ಬಳಸಿಕೊಂಡೆ. ಅದರಲ್ಲಿದ್ದ ಹಳೆಯ ಜೋಡಿಯ ಲೇಬಲ್ಲಿನಲ್ಲಿ ಡಿಡಿಆರ್4 3200, ಸಿಎಲ್ 16, 1.35 ವೋಲ್ಟ್ ಎಂದಿತ್ತು. ಬೇರೊಬ್ಬ ತಯಾರಕರ ಹೊಸ ಜೋಡಿಯ ಮೇಲೆ 2666, ಸಿಎಲ್ 19, 1.2 ವೋಲ್ಟ್. ನಾಲ್ಕನ್ನೂ ಹಾಕಿ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಯಂತ್ರ ತಾನಾಗಿ ಆರಿ, ಮತ್ತೆ ಹೊತ್ತಿ, ಇದನ್ನೇ ಕೆಲವು ಬಾರಿ ಮಾಡಿತು.

ಕಾರಣ ಹೇಳುವ ಮೊದಲು ಒಂದು ಚಟುವಟಿಕೆ ಮಾಡಿಸಿದೆ. ಒಬ್ಬ ವಿದ್ಯಾರ್ಥಿ ಮೆಮೊರಿ ಕಂಟ್ರೋಲರ್, ಇಬ್ಬರು ರ‍್ಯಾಮ್ ಪಟ್ಟಿಗಳು. ಪಟ್ಟಿಗಳಾದವರ ಕೈಯಲ್ಲಿ ಚೀಟಿ ಇರುವ ಒಂದೊಂದು ಡಬ್ಬಿ. ಒಬ್ಬಳ ಡಬ್ಬಿಯ ಮುಚ್ಚಳ ಸಡಿಲ, ಇನ್ನೊಬ್ಬನದು ಬಿಗಿ. ಬಿಗಿ ಡಬ್ಬಿ ತೆರೆದು ಚೀಟಿ ಮೇಜಿನ ಮೇಲಿಡಲು ಸುಮಾರು ಐದು ಸೆಕೆಂಡು ಬೇಕು. ಕಂಟ್ರೋಲರ್ "ಕೊಡು" ಎಂದು ಹೇಳಿ ಮೇಜಿನ ಮೇಲೆ ಸೆಕೆಂಡಿಗೊಂದು ಪೆಟ್ಟು ಹಾಕುತ್ತಾನೆ. ಐದನೆಯ ಪೆಟ್ಟಿಗೆ ಕೈ ಚಾಚಿ ಅಲ್ಲಿದ್ದದ್ದನ್ನು ತೆಗೆದುಕೊಳ್ಳುತ್ತಾನೆ. ಇಬ್ಬರೂ ಗೆದ್ದರು. ಈಗ ಪೆಟ್ಟನ್ನು ಸೆಕೆಂಡಿಗೆ ಎರಡು ಮಾಡಿ, ಐದನೆಯ ಪೆಟ್ಟನ್ನೇ ಉಳಿಸಿದೆವು. ಸಡಿಲ ಡಬ್ಬಿಯ ಚೀಟಿ ಬಂತು. ಬಿಗಿ ಡಬ್ಬಿಯವನ ಮುಂದೆ ಕೈ ಚಾಚಿದಾಗ ಮೇಜು ಖಾಲಿ. ಚೀಟಿ ಬಂತೇ ಎಂದು ಕಂಟ್ರೋಲರ್ ಕೇಳುವಂತಿಲ್ಲ ಎಂಬುದು ಆಟದ ನಿಯಮ. ನಿಜವಾದ ರ‍್ಯಾಮ್‌ನಲ್ಲೂ ಹಾಗೆಯೇ: "ಸಿದ್ಧವಾಯಿತು" ಎಂದು ಪಟ್ಟಿ ಹೇಳುವ ವ್ಯವಸ್ಥೆ ಇಲ್ಲ, ಎಣಿಕೆ ಮುಗಿದ ಕೂಡಲೇ ತಂತಿಯ ಮೇಲಿದ್ದದ್ದೇ ಉತ್ತರ.

ಸಿಎಲ್ ಎಂಬ ಅಂಕಿ ಎಣಿಸುವುದು ಈ ಪೆಟ್ಟುಗಳನ್ನು, ಕಾಲವನ್ನಲ್ಲ. ಇಡೀ ಪಾಠದ ತಿರುಳು ಇದು. ಪ್ರಶಿಕ್ಷಣಾರ್ಥಿಗಳು ಇಲ್ಲಿ ಅವಸರ ಮಾಡಬಾರದು. ಡಿಡಿಆರ್‌ನಲ್ಲಿ ಒಂದು ಪೆಟ್ಟಿಗೆ ಎರಡು ಬಾರಿ ದತ್ತಾಂಶ ಸಾಗುವುದರಿಂದ, 3200 ಎಂದರೆ ಸೆಕೆಂಡಿಗೆ 1600 ದಶಲಕ್ಷ ಪೆಟ್ಟು. ಒಂದು ಪೆಟ್ಟಿನ ಅವಧಿ 0.625 ನ್ಯಾನೋಸೆಕೆಂಡ್. ಕಪ್ಪುಹಲಗೆಯ ಮೇಲೆ ಮಕ್ಕಳೇ ಲೆಕ್ಕ ಮಾಡಿದರು:

```
3200:  16 × 0.625 = 10 ns
2666:  19 × 0.75  = 14.25 ns
```

ಹಳೆಯ ಜೋಡಿ 10 ನ್ಯಾನೋಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಹೊಸದು ಲೇಬಲ್ಲಿನ ಪ್ರಕಾರ 14.25 ಕೇಳುತ್ತದೆ. ಆದರೆ ಕಂಟ್ರೋಲರ್ ನಾಲ್ಕು ಪಟ್ಟಿಗಳಿಗೂ ಒಂದೇ ಲಯ, ಒಂದೇ ಎಣಿಕೆ ಹಾಕುತ್ತದೆ. ಬಯೋಸ್‌ನಲ್ಲಿ ಹಳೆಯ ಜೋಡಿಗಾಗಿ XMP ಚಾಲೂ ಆಗಿಯೇ ಇದ್ದುದರಿಂದ ಹೊಸ ಜೋಡಿಗೂ 10 ನ್ಯಾನೋಸೆಕೆಂಡಿನ ಗಡುವು ಬಿತ್ತು. ಯಂತ್ರ ಏಳುವಾಗ ಮದರ್‌ಬೋರ್ಡ್ ಮೊದಲು ರ‍್ಯಾಮ್‌ಗೆ ಬರೆದು, ಓದಿ ನೋಡುತ್ತದೆ. ಆ ಪರೀಕ್ಷೆಯೇ ಸೋತದ್ದರಿಂದ ಆರಿ ಹೊತ್ತುವ ಆಟ ನಡೆಯಿತು.

ವೋಲ್ಟೇಜ್ ಕಥೆಯೂ ಇದೇ. ಸ್ಲಾಟುಗಳೆಲ್ಲಕ್ಕೂ ಒಂದೇ ಪೂರೈಕೆ. ಹಳೆಯ ಜೋಡಿಯ ತಯಾರಕರು 3200ರ ಭರವಸೆ ಕೊಟ್ಟಿರುವುದು 1.35 ವೋಲ್ಟಿಗೆ, 1.2 ಕೊಟ್ಟರೆ ಆ ವೇಗ ನಿಲ್ಲುವ ಖಾತ್ರಿ ಇಲ್ಲ. 1.35 ಕೊಟ್ಟರೆ ಹೊಸ ಜೋಡಿ ತನ್ನ ಲೇಬಲ್ಲಿನ ಹೊರಗೆ ದುಡಿಯುತ್ತದೆ. "ಕೂಡಲೇ ಸುಟ್ಟುಹೋಗುತ್ತದೆಯೇ?" ಎಂದು ಒಬ್ಬಳು ಕೇಳಿದಳು. ಸಾಮಾನ್ಯವಾಗಿ ಇಲ್ಲ, ಆದರೆ ತಯಾರಕರ ಮಾತು ಅಲ್ಲಿಗೆ ಮುಗಿಯಿತು ಎಂದೆ.

ಕೆಲವು ಸಲ ಯತ್ನಿಸಿದ ಮೇಲೆ ಬೋರ್ಡು ತಾನೇ ಹಿಂದೆ ಸರಿದು ಯಂತ್ರ ಎದ್ದಿತು. ಪರದೆಯ ಮೇಲೆ ಕಂಡ ವೇಗ 2133! ಯಾವ ಲೇಬಲ್ಲಿನಲ್ಲೂ ಇಲ್ಲದ ಈ ಅಂಕಿ ತರಗತಿಯನ್ನು ಚೆನ್ನಾಗಿಯೇ ಗೊಂದಲಕ್ಕೆ ಹಾಕಿತು. ಪ್ರತಿ ಪಟ್ಟಿಯಲ್ಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪಿನಲ್ಲಿ ಅದರ ಜಾತಕವಿರುತ್ತದೆ. ಹಳೆಯ ಜೋಡಿಯ ಸಾಮಾನ್ಯ ಪುಟದಲ್ಲಿ ಇದ್ದದ್ದು 2133, 1.2 ವೋಲ್ಟ್, ಲೇಬಲ್ಲಿನ 3200 ಇರುವುದು XMP ಎಂಬ ಪ್ರತ್ಯೇಕ ಪುಟದಲ್ಲಿ. XMP ಬಿಟ್ಟಾಗ ನಾಲ್ಕೂ ಒಪ್ಪುವ ಸಾಮಾನ್ಯ ಅಂಕಿ 2133. ಲಿನಕ್ಸ್ ಇರುವ ಯಂತ್ರದಲ್ಲಿ ಇದನ್ನು ಮಕ್ಕಳೇ ನೋಡಬಹುದು:

```
sudo dmidecode -t memory
```

ಇದರಲ್ಲಿ `Part Number`, `Configured Memory Speed`, `Configured Voltage` ಎಂಬ ಸಾಲುಗಳಷ್ಟೇ ನಮಗೆ ಸಾಕು. ವಿಂಡೋಸ್ ಇದ್ದರೆ CPU-Z ತಂತ್ರಾಂಶದ `SPD` ಪುಟ; ಟೈಮಿಂಗ್ ಕೂಡ ಅಲ್ಲಿ ಸಿಗುತ್ತದೆ.

ಏಳದ ಯಂತ್ರಕ್ಕಿಂತ ಎದ್ದು ಕೆಡುವ ಯಂತ್ರ ಹೆಚ್ಚು ಕಾಡುತ್ತದೆ. ಇದೇ ಯಂತ್ರಕ್ಕೆ ಪ್ರಯೋಗಾಲಯದವರು 1.35 ವೋಲ್ಟಿನಲ್ಲಿ 2933, ಸಿಎಲ್ 20 ಎಂದು ಕೈಯಾರೆ ಹೊಂದಿಸಿ ನೋಡಿದ್ದರು. ವಿಂಡೋಸ್ ಬಂತು, ಕೆಲಸ ನಡೆಯಿತು, ನಡುವೆ `MEMORY_MANAGEMENT` ಎಂಬ ನೀಲಿ ಪರದೆ. 2933ರಲ್ಲಿ ಒಂದು ಪೆಟ್ಟು 0.682 ನ್ಯಾನೋಸೆಕೆಂಡ್, ಇಪ್ಪತ್ತು ಪೆಟ್ಟಿಗೆ 13.64. ಹೊಸ ಜೋಡಿ ಕೇಳುವ 14.25ಕ್ಕೆ ಕೊರತೆ ಸ್ವಲ್ಪವೇ. ಹಾಗಾಗಿ ಹೆಚ್ಚಿನ ಉತ್ತರ ಸಮಯಕ್ಕೆ ಬರುತ್ತದೆ, ಬಿಸಿಯೇರಿದಾಗಲೋ ಕೆಲಸ ಹೆಚ್ಚಾದಾಗಲೋ ಯಾವುದೋ ಒಂದು ತಪ್ಪುತ್ತದೆ. ಗಡುವಿನ ಕೊರತೆ ದೊಡ್ಡದಾದರೆ ಯಂತ್ರ ಏಳದು, ಚಿಕ್ಕದಾದರೆ ಎದ್ದು ಕೆಡುತ್ತದೆ, ರೋಗ ಒಂದೇ. 21 ಪೆಟ್ಟು ಕೊಟ್ಟರೆ ಲೆಕ್ಕ ಸರಿಹೋಗುತ್ತದಲ್ಲ ಎಂದು ಹಿಂದಿನ ಬೆಂಚಿನ ಹುಡುಗ ಹೇಳಿದ. ಸರಿಯಾದ ಲೆಕ್ಕ, 14.32 ಬರುತ್ತದೆ. ಆದರೂ 2666ಕ್ಕೆ ಮಾರಿದ ಪಟ್ಟಿ 2933ರ ಲಯವನ್ನೇ ತಾಳಬೇಕೆಂದಿಲ್ಲ. ಸಿಎಲ್ ಅಲ್ಲದೆ ಉಳಿದ ಟೈಮಿಂಗ್‌ಗಳನ್ನೂ ಹೀಗೆಯೇ ಸಡಿಲಿಸಬೇಕು.

ರ‍್ಯಾಮ್ ಪಟ್ಟಿಯೇ ಕೆಟ್ಟಿದೆಯೋ ಬೆರಕೆಯ ತೊಂದರೆಯೋ ಎಂದು ತಿಳಿಯಲು ಮೆಮ್‌ಟೆಸ್ಟ್86+ ಅನ್ನು ಮೂರು ಸಲ ಓಡಿಸಬೇಕು: ಹಳೆಯ ಜೋಡಿ ಮಾತ್ರ, ಹೊಸದು ಮಾತ್ರ, ಕೊನೆಗೆ ನಾಲ್ಕೂ. ಪ್ರತಿ ಜೋಡಿಯನ್ನೂ ಅದರ ಲೇಬಲ್ಲಿನ ಅಂಕಿಗಳಲ್ಲೇ ಓಡಿಸಬೇಕು. ಒಂದೊಂದಾಗಿ ಗೆದ್ದು ಒಟ್ಟಿಗೆ ಸೋತರೆ ಪಟ್ಟಿಗಳಲ್ಲಿ ದೋಷವಿಲ್ಲ. ಒಂದು ಸುತ್ತಿಗೇ ನಿಲ್ಲಿಸಬಾರದು, ಅಂಚಿನ ತಪ್ಪು ಮುಂದಿನ ಸುತ್ತುಗಳಲ್ಲಿ ಕಾಣಿಸುವುದುಂಟು.

ಒಂದೇ ತಯಾರಕರ, ಒಂದೇ ಅಂಕಿಗಳ ಎರಡು ಜೋಡಿ ಕೊಂಡರೆ ಸಾಕೇ ಎಂಬ ಪ್ರಶ್ನೆಯೂ ಬಂತು. ಅನುಕೂಲ ಹೆಚ್ಚು, ಖಾತ್ರಿಯಿಲ್ಲ. ಒಂದೇ ಹೆಸರಿನಡಿ ಒಳಗಿನ ಚಿಪ್ಪು ಬದಲಾಗಿರಬಹುದು. ನಾಲ್ಕು ಪಟ್ಟಿಗಳಾದಾಗ ಕಂಟ್ರೋಲರ್ ಮೇಲಿನ ಹೊರೆಯೂ ಹೆಚ್ಚು. ಒಂದೇ ಪೆಟ್ಟಿಗೆಯಲ್ಲಿ ಬಂದವುಗಳನ್ನು ಮಾತ್ರ ತಯಾರಕರು ಒಟ್ಟಿಗೆ ಹೊಂದಿಸಿ ಮಾರಿರುತ್ತಾರೆ.

ಮೌಲ್ಯಮಾಪನಕ್ಕೆ ಕೊಟ್ಟದ್ದು ಒಂದೇ ಲೆಕ್ಕ: ಎರಡು ಪಟ್ಟಿಗಳ ಮೇಲೂ ಸಿಎಲ್ 16 ಎಂದಿದೆ, ಒಂದು 3200, ಇನ್ನೊಂದು 2666, ಎರಡೂ ಸಮವೇ? 10 ಮತ್ತು 12 ಎಂದು ಬರೆದವರಿಗೆ ಪಾಠ ಮುಟ್ಟಿದೆ. "ಎರಡರಲ್ಲೂ 16 ಇದೆ, ಆದ್ದರಿಂದ ಸಮ" ಎಂದವರನ್ನು ಮತ್ತೆ ಡಬ್ಬಿಯ ಆಟಕ್ಕೆ ಕರೆದುಕೊಂಡು ಹೋಗಬೇಕು. ಆ ಯಂತ್ರದಲ್ಲಿ ಈಗ ಹಳೆಯ ಜೋಡಿ ಮಾತ್ರ 3200ರಲ್ಲಿ ಓಡುತ್ತಿದೆ. ಹೊಸ ಜೋಡಿ ಪಕ್ಕದ ಯಂತ್ರಕ್ಕೆ ಹೋಗಿ ತನ್ನ 2666ರಲ್ಲಿ ನೆಮ್ಮದಿಯಾಗಿದೆ.