4ಜಿಯಿಂದ Eಗೆ ಇಳಿಯುವ ಫೋನ್: ಒಂಬತ್ತನೇ ತರಗತಿಗೆ ಒಂದು ಅಳತೆಯ ಪಾಠ

ಬಿ.ಇಡಿ. ಮೂರನೇ ಸೆಮಿಸ್ಟರ್‌ನ ಇಂಟರ್ನ್‌ಶಿಪ್‌ನಲ್ಲಿ ಮಲೆನಾಡಿನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ನಾನು ತೆಗೆದುಕೊಂಡ ಎರಡು ಅವಧಿಗಳ ಪಾಠದ ವರದಿ ಇದು. ‘ಶಬ್ದ’ ಅಧ್ಯಾಯದಲ್ಲಿ ಆವೃತ್ತಿ, ತರಂಗದೂರ ಎಂಬ ಪದಗಳನ್ನು ಮಕ್ಕಳು ಕಲಿತಿದ್ದರು. ಅದರ ಮುಂದುವರಿಕೆಯಾಗಿ ರೇಡಿಯೋ ತರಂಗಗಳ ಪರಿಚಯ ಮಾಡಬೇಕಿತ್ತು. ಊರಿನ ಬಹುತೇಕ ಮನೆಗಳ ತೊಂದರೆಯೊಂದನ್ನೇ ಪಾಠದ ವಸ್ತುವಾಗಿ ಆರಿಸಿಕೊಂಡೆ: ಫೋನಿನ ಮೇಲ್ತುದಿಯಲ್ಲಿ 4G ಎಂದಿದ್ದದ್ದು ಇದ್ದಕ್ಕಿದ್ದಂತೆ E ಆಗುತ್ತದೆ, ಶಾಲೆಯಿಂದ ಕಳಿಸಿದ ಅಭ್ಯಾಸ ಹಾಳೆ ತೆರೆಯುವುದೇ ಇಲ್ಲ.

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು (1) ಸಿಗ್ನಲ್ ಬಲದ ಅಂಕಿಯನ್ನು ಓದಿ ಹೋಲಿಸುವನು. (2) ಫೋನು ಕೆಳಗಿನ ಜಾಲಕ್ಕೆ ಇಳಿದು ಅಲ್ಲೇ ಉಳಿಯುವ ಕಾರಣವನ್ನು ವಿವರಿಸುವನು. (3) ಜಾಲದ ಮೋಡ್ ಬದಲಿಸುವುದರಿಂದ ಎಲ್ಲಿ ಉಪಯೋಗ, ಎಲ್ಲಿ ಅಪಾಯ ಎಂದು ನಿರ್ಧರಿಸುವನು.

ಸಾಮಗ್ರಿ: 2ಜಿ ಮತ್ತು 4ಜಿ ಎರಡೂ ಇರುವ ಕಂಪನಿಯ ಸಿಮ್ ಹಾಕಿದ ನನ್ನ ಫೋನು, 2 ಎಂಬಿಯ ಒಂದು ಕಡತ, ಸೆಕೆಂಡು ತೋರಿಸುವ ಗಡಿಯಾರ, ಅಳತೆಯ ಪಟ್ಟಿ.

ಪೀಠಿಕೆ

“ನಿಮ್ಮ ಮನೆಯಲ್ಲಿ ಫೋನು ಎಲ್ಲಿಟ್ಟರೆ E ಬರುತ್ತದೆ?” ಎಂದು ಕೇಳಿದೆ. ಉತ್ತರಗಳು ಒಂದರ ಮೇಲೊಂದು ಬಂದವು. ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ನಮ್ಮನೇಲಿ ಎಲ್ಲಿಟ್ರೂ E ಬರ್ತದೆ. ಫೋನ್ ಹಾಳಾಗಿದೆ, ಅಡಿಕೆ ದುಡ್ಡು ಬಂದಮೇಲೆ ಹೊಸದು ತಗಳಣ ಅಂದಿದಾರೆ ಅಪ್ಪ,” ಎಂದಳು. ಹೊಸ ಫೋನಿಗೆ ಅವರು ಅಂದಾಜಿಸಿದ್ದು ಹನ್ನೆರಡು ಸಾವಿರ ರೂಪಾಯಿ. ತೊಂದರೆ ಇರುವುದು ಫೋನಿನಲ್ಲೋ, ಸೆಟ್ಟಿಂಗ್‌ನಲ್ಲೋ, ಟವರಿನ ದೂರದಲ್ಲೋ ಎಂಬುದನ್ನು ಅಳತೆಯಿಂದ ಕಂಡುಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಕಪ್ಪು ಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದೆ.

ಮೊದಲ ಅವಧಿ: ಅಂಕಿ ಓದುವುದು

ಸಿಗ್ನಲ್ ಕಡ್ಡಿಗಳನ್ನು ನಂಬಿ ಅಳೆಯಲಾಗದು. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದು ಒಂದೊಂದು ಫೋನಿನಲ್ಲಿ ಒಂದೊಂದು ತೆರನಾಗಿರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ About phone ಒಳಗೆ, SIM status ಎಂಬಲ್ಲಿ Signal strength ಎಂಬ ಸಾಲು ಇರುತ್ತದೆ. ಅಲ್ಲಿ −97 dBm ಎಂಬಂಥ ಋಣ ಸಂಖ್ಯೆ ಕಾಣುತ್ತದೆ.

ಮಕ್ಕಳಿಗೆ ಸಂಖ್ಯಾರೇಖೆ ಗೊತ್ತಿದ್ದುದರಿಂದ −119 ಎಂಬುದು −109ಕ್ಕಿಂತ ಕಡಿಮೆ ಎಂದು ಹೇಳಿಸುವುದು ಸುಲಭವಾಯಿತು. ನಂತರ ಒಂದೇ ನಿಯಮ ಕೊಟ್ಟೆ: ಅಂಕಿ 10 ಇಳಿದರೆ ಬರುವ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, 20 ಇಳಿದರೆ ನೂರರಲ್ಲಿ ಒಂದು ಪಾಲು. 4ಜಿಯಲ್ಲಿ −90ರ ಆಸುಪಾಸು ಚೆನ್ನಾಗಿದೆ ಎನ್ನಬಹುದು, −110 ದುರ್ಬಲ, −120 ಹೆಚ್ಚುಕಡಿಮೆ ಅಂಚು.

ಇಲ್ಲಿ ಒಂದು ಎಚ್ಚರ ಬೇಕು. ಅದೇ ಜಾಗದಲ್ಲಿ E ಇದ್ದಾಗ ಅಂಕಿ −85 ಎಂದು ತೋರಿಸಿದರೆ, “2ಜಿ ಇಷ್ಟು ಬಲವಾಗಿದೆ, 4ಜಿ ಅಷ್ಟು ಬಡಕಲು” ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ಎರಡು ಅಳತೆಗಳ ಮಾನ ಬೇರೆ. 2ಜಿಯಲ್ಲಿ ಫೋನು 200 ಕಿಲೋಹರ್ಟ್ಸ್ ಅಗಲದ ಇಡೀ ವಾಹಿನಿಯ ಶಕ್ತಿಯನ್ನು ಹೇಳುತ್ತದೆ. 4ಜಿಯಲ್ಲಿ ವಾಹಿನಿಯನ್ನು 15 ಕಿಲೋಹರ್ಟ್ಸ್‌ನ ಸಣ್ಣ ಎಳೆಗಳಾಗಿ ಹಂಚಿ, ಒಂದು ಎಳೆಯ ಶಕ್ತಿಯನ್ನಷ್ಟೇ ಹೇಳುತ್ತದೆ. ಆದ್ದರಿಂದ 4ಜಿಯನ್ನು 4ಜಿಯೊಂದಿಗೆ ಮಾತ್ರ ಹೋಲಿಸಿ ಎಂದು ಪಟ್ಟಿಯ ತಲೆಯಲ್ಲೇ ಬರೆಸಿದೆ.

ಹಾಗಾದರೆ 4ಜಿ ಸೋಲುವಲ್ಲಿ 2ಜಿ ಹೇಗೆ ತಲುಪುತ್ತದೆ? ನಮ್ಮಲ್ಲಿ 2ಜಿ ಹೆಚ್ಚಾಗಿ 900 ಮೆಗಾಹರ್ಟ್ಸ್‌ನಲ್ಲಿದೆ, 4ಜಿ ಹಲವೆಡೆ 1800 ಅಥವಾ 2300ರಲ್ಲಿದೆ. ತರಂಗದೂರ ಲೆಕ್ಕ ಹಾಕಿಸಿದಾಗ 900ಕ್ಕೆ ಸುಮಾರು 33 ಸೆಂ.ಮೀ., 1800ಕ್ಕೆ ಸುಮಾರು 17 ಸೆಂ.ಮೀ. ಬಂತು. ಮರ, ಗೋಡೆ, ಗುಡ್ಡದ ಮರೆಯನ್ನು ಉದ್ದ ತರಂಗ ಹೆಚ್ಚು ಸುಲಭವಾಗಿ ದಾಟುತ್ತದೆ. ಕೆಲವು ಟವರುಗಳಲ್ಲಿ 4ಜಿಯೂ 850 ಅಥವಾ 900ರಲ್ಲಿ ಇರುವುದುಂಟು. ಅಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ಕಾರಣ ಫೋನಿನದೇ. 900 ಮೆಗಾಹರ್ಟ್ಸ್‌ನ 2ಜಿಯಲ್ಲಿ ಫೋನು ಗರಿಷ್ಠ 2 ವ್ಯಾಟ್‌ವರೆಗೆ ಪ್ರಸಾರ ಮಾಡಬಲ್ಲದು. 4ಜಿಯಲ್ಲಿ ಸಾಮಾನ್ಯವಾಗಿ 0.2 ವ್ಯಾಟ್ ಮಾತ್ರ. ಅಂಚಿನಲ್ಲಿರುವ ಫೋನಿಗೆ ಟವರಿನ ಮಾತು ಕೇಳಿಸುತ್ತದೆ, ಫೋನಿನ ಮಾತು ಟವರಿಗೆ ಕೇಳಿಸುವುದಿಲ್ಲ. 4G ಎಂಬ ಗುರುತು ಇದ್ದೂ ಏನೂ ತೆರೆಯದ ಸ್ಥಿತಿ ಇದೇ. ಆಗ ಫೋನು ತನ್ನ ಪೂರ್ತಿ ಬಲದಲ್ಲಿ ಕೂಗುತ್ತಿರುತ್ತದೆ. ಬಿಸಿಯಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ.

ಎರಡನೇ ಅವಧಿ: ಇಳಿಯುವ ಗೆರೆ, ಏರುವ ಗೆರೆ

ಯಾವ ಮಟ್ಟಕ್ಕೆ ಬಂದಾಗ 4ಜಿ ಬಿಡಬೇಕು, ಯಾವ ಮಟ್ಟ ಸಿಕ್ಕಾಗ ವಾಪಸು ಬರಬೇಕು ಎಂಬುದನ್ನು ಫೋನು ತಾನಾಗಿ ತೀರ್ಮಾನಿಸುವುದಿಲ್ಲ. ಟವರು ಆ ಗೆರೆಗಳನ್ನು ಫೋನಿಗೆ ತಿಳಿಸಿರುತ್ತದೆ. ಎರಡು ಗೆರೆಗಳೂ ಒಂದೇ ಕಡೆ ಇದ್ದರೆ ಗೆರೆಯ ಹತ್ತಿರದ ಫೋನು ಕ್ಷಣಕ್ಷಣಕ್ಕೂ ಮೇಲೆ ಕೆಳಗೆ ಹಾರುತ್ತಿರಬೇಕಾಗುತ್ತದೆ. ಅದಕ್ಕಾಗಿ ಏರುವ ಗೆರೆಯನ್ನು ಇಳಿಯುವ ಗೆರೆಗಿಂತ ಮೇಲಿಡುತ್ತಾರೆ.

ಇದಕ್ಕೆ ನೀರಿನ ಟ್ಯಾಂಕಿನ ಫ್ಲೋಟ್ ಸ್ವಿಚ್ಚಿನ ಹೋಲಿಕೆ ಕೊಟ್ಟೆ. ನೀರು ಕೆಳಗಿನ ಗುರುತಿಗೆ ಇಳಿದಾಗ ಮೋಟರು ಶುರುವಾಗುತ್ತದೆ, ಮೇಲಿನ ಗುರುತಿಗೆ ಏರಿದಾಗ ನಿಲ್ಲುತ್ತದೆ. ನೀರು ನಡುವೆ ಇರುವಾಗ ಮೋಟರು ಓಡುತ್ತಿದೆಯೇ ಎಂದು ಕೇಳಿದರೆ, ನೀರು ಯಾವ ಕಡೆಯಿಂದ ಬಂತು ಎಂದು ತಿಳಿಯದೆ ಹೇಳಲಾಗದು. ಹಲಗೆಯ ಮೇಲೆ ಅಭ್ಯಾಸಕ್ಕಾಗಿ ಇಳಿಯುವ ಗೆರೆ −118, ಏರುವ ಗೆರೆ −108 ಎಂದು ಬರೆದೆ. ಇವು ಪಾಠಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಜವಾದವನ್ನು ಕಂಪನಿ ಟವರಿನಿಂದ ಟವರಿಗೆ ಬೇರೆಬೇರೆಯಾಗಿ ಇಡಬಹುದು.

ಆಮೇಲೆ ಜಾಲದ ಮೋಡ್‌ಗೆ ಬಂದೆವು. ಸೆಟ್ಟಿಂಗ್ಸ್‌ನಲ್ಲಿ Network mode ಅಥವಾ Preferred network type ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. LTE/3G/2G (auto connect) ಎಂದರೆ ಈ ಮೂರರಲ್ಲಿ ಯಾವುದನ್ನಾದರೂ ಹಿಡಿಯಬಹುದು ಎಂಬ ಅನುಮತಿ. 2G only ಎಂದಿದ್ದರೆ ಟವರಿನ ಬುಡದಲ್ಲಿ ನಿಂತರೂ 4ಜಿ ಬಾರದು. ಮೊದಲು ನೋಡಬೇಕಾದ್ದು ಇದನ್ನೇ. 4ಜಿ ಮಾತ್ರ ಎಂಬ ಆಯ್ಕೆ ಅನೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಇರುವುದಿಲ್ಲ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ ಇದನ್ನು ಒತ್ತಿದರೆ ಪರೀಕ್ಷಾ ಪುಟ ತೆರೆಯುತ್ತದೆ:

```
*#*#4636#*#*
```

ಅಲ್ಲಿ LTE only ಆರಿಸಬಹುದು. ಇದರಿಂದ ಸಿಗ್ನಲ್ ಒಂದು ಅಂಶವೂ ಹೆಚ್ಚುವುದಿಲ್ಲ. ಕೆಳಗಿಳಿಯುವ ದಾರಿ ಮುಚ್ಚುತ್ತದೆ, ಅಷ್ಟೆ.

ಒಂದು ಮನೆಯ ಅಳತೆ

ಆ ಹುಡುಗಿ ತಂದೆಯ ಒಪ್ಪಿಗೆ ಪಡೆದು, ಒಂದು ಶನಿವಾರ ಮಧ್ಯಾಹ್ನ ನನ್ನ ಮತ್ತು ಮಾರ್ಗದರ್ಶಕ ಶಿಕ್ಷಕರ ಎದುರಿಗೆ ಅವರ ಫೋನಿನಲ್ಲೇ ಅಳತೆ ಮಾಡಿದಳು. ಮನೆ ಅಡಿಕೆ ತೋಟದ ತಗ್ಗಿನಲ್ಲಿದೆ; ಟವರು ಪೂರ್ವದ ಗುಡ್ಡದಾಚೆ. ಮೋಡ್ ಆಟೋದಲ್ಲೇ ಇತ್ತು, ಅಂದರೆ ಸೆಟ್ಟಿಂಗ್ ತಪ್ಪಿರಲಿಲ್ಲ. ಅದೇ ಫೋನು ಶಾಲೆಯ ಮೈದಾನದಲ್ಲಿ 4ಜಿಯಲ್ಲಿ −92 ತೋರಿಸಿತ್ತು, ಅಂದರೆ ಫೋನೂ ಕೆಟ್ಟಿರಲಿಲ್ಲ.

ಜಗಲಿಯಲ್ಲಿ ಆಟೋ ಮೋಡ್‌ನಲ್ಲಿ E ಇತ್ತು. 2 ಎಂಬಿ ಕಡತ ಇಳಿಯಲು 200 ಸೆಕೆಂಡು ಬೇಕಾಯಿತು. 2 ಎಂಬಿ ಎಂದರೆ ಸುಮಾರು 16,000 ಕಿಲೋಬಿಟ್. ಸೆಕೆಂಡಿಗೆ 80 ಕಿಲೋಬಿಟ್ ಬಂದಂತಾಯಿತು. LTE only ಹಾಕಿದಾಗ ಅಂಕಿ −119. 4G ಗುರುತು ಬಂದುಹೋಗುತ್ತಿತ್ತು, ಕಡತ ಇಳಿಯಲೇ ಇಲ್ಲ. ಅಡುಗೆಮನೆಯಲ್ಲಿ LTE only ಹಾಕಿದರೆ ಸಿಗ್ನಲೇ ಇಲ್ಲ. ಅಟ್ಟದ ಪೂರ್ವದ ಕಿಟಕಿಯಲ್ಲಿ −109 ಸಿಕ್ಕಿತು, ಅದೇ ಕಡತ 20 ಸೆಕೆಂಡಿಗೆ ಇಳಿಯಿತು. ಜಗಲಿಗಿಂತ ಕಿಟಕಿಯಲ್ಲಿ ಹತ್ತು ಪಟ್ಟು ಶಕ್ತಿ.

ಮುಖ್ಯ ಪ್ರಯೋಗ ಮುಂದಿನದು. ಮೋಡನ್ನು ಮತ್ತೆ ಆಟೋಗೆ ತಂದು ಜಗಲಿಯಲ್ಲಿ E ಬರುವವರೆಗೆ ಕಾದು, ಫೋನನ್ನು ಅಟ್ಟದ ಕಿಟಕಿಗೆ ಒಯ್ದೆವು. ಹತ್ತು ನಿಮಿಷ ಕಾದರೂ E ಹೋಗಲಿಲ್ಲ. ಅಲ್ಲೇ ಏರ್‌ಪ್ಲೇನ್ ಮೋಡ್ ಹಾಕಿ ತೆಗೆದಾಗ ಫೋನು ಹೊಸದಾಗಿ ಹುಡುಕಿ 4ಜಿ ಹಿಡಿಯಿತು, ಕಿಟಕಿಯಲ್ಲಿ ಇರುವವರೆಗೆ ಬಿಡಲಿಲ್ಲ. “ಟ್ಯಾಂಕಿನ ನಡುವಿನ ನೀರು ಇದು, ಮೇಡಂ,” ಎಂದಳು ಹುಡುಗಿ. ಎರಡು ಗೆರೆಗಳ ನಡುವಿನ ಜಾಗವನ್ನು ಅವಳು ಗುರುತಿಸಿದ್ದಳು.

ತಂದೆಯವರು, “ಹಂಗಾರೆ ಆ LTE only ಹಾಕಿ ಹಂಗೇ ಬಿಟ್ಬಿಡಿ,” ಎಂದರು. ಆಗ ಇನ್ನೊಂದು ಫೋನಿನಿಂದ ಅವರಿಗೆ ಕರೆ ಮಾಡಿಸಿದೆ. ಆಟೋದಲ್ಲಿ ಕರೆ ಬಂತು, ಆದರೆ ಬರುವಾಗ 4G ಹೋಗಿ E ಆಯಿತು. LTE onlyಯಲ್ಲಿ ಕರೆ ಬರಲೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ VoLTE ಆರಿಸಿರಲಿಲ್ಲ. VoLTE ಇಲ್ಲದಿದ್ದರೆ 4ಜಿಯಲ್ಲಿ ಮಾತಿಗೆ ದಾರಿಯಿಲ್ಲ. ಪ್ರತಿ ಕರೆಗೂ ಫೋನು ಕೆಳಗಿನ ಜಾಲಕ್ಕೆ ಇಳಿಯಲೇಬೇಕು. VoLTE ಹಾಕಿದ ಮೇಲೆ ಕಿಟಕಿಯಲ್ಲಿ ಕರೆ 4ಜಿಯಲ್ಲೇ ಬಂತು. ಆದರೂ ಅಡುಗೆಮನೆಯಲ್ಲಿ LTE only ಇದ್ದರೆ ಫೋನು ಕಿವುಡು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. 108ಕ್ಕೆ ಕರೆ ಮಾಡಬೇಕಾದ ರಾತ್ರಿ E ಎಂಬ ಆ ನಿಧಾನದ ಜಾಲವೇ ಆಸರೆ ಎಂದು ಹೇಳಿದಾಗ ಅವರು ಒಪ್ಪಿದರು.

ಕೊನೆಗೆ ಆದ ಏರ್ಪಾಡು ಹೀಗೆ: ಮೋಡ್ ಆಟೋ, VoLTE ಚಾಲೂ, ಓದುವ ಹೊತ್ತಿಗೆ ಫೋನನ್ನು ಅಟ್ಟದ ಕಿಟಕಿಯಲ್ಲಿಟ್ಟು ಒಮ್ಮೆ ಏರ್‌ಪ್ಲೇನ್ ಮೋಡ್ ಹಾಕಿ ತೆಗೆಯುವುದು. ಹೊಸ ಫೋನಿನ ಮಾತು ನಿಂತಿತು.

ಮೌಲ್ಯಮಾಪನ

ಮೂರು ಸನ್ನಿವೇಶ ಕೊಟ್ಟು ಕಾರಣ ಬರೆಸಿದೆ. (ಅ) ಎಲ್ಲೆಡೆಯೂ, ಪೇಟೆಯಲ್ಲೂ E: ಮೋಡ್ ನೋಡಿ. (ಆ) ಕರೆ ಬಂದಾಗ ಮಾತ್ರ E: VoLTE ನೋಡಿ. (ಇ) ಮನೆಯ ಒಂದು ಭಾಗದಲ್ಲಿ ಮಾತ್ರ E: ಅಂಕಿ ಅಳೆಯಿರಿ. ಹೆಚ್ಚಿನವರು (ಅ) ಮತ್ತು (ಇ) ಸರಿಯಾಗಿ ಬರೆದರು. (ಆ)ಗೆ ಹಲವರು “ಟವರ್ ವೀಕ್” ಎಂದೇ ಬರೆದರು. ಆ ಭಾಗಕ್ಕೆ ತರಗತಿಯಲ್ಲೇ ಕರೆ ಮಾಡಿ ತೋರಿಸುವ ಪ್ರಾತ್ಯಕ್ಷಿಕೆ ಅಗತ್ಯ.

ಈ ಪಾಠ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಿಮ್ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು. 2ಜಿ ಜಾಲವೇ ಇಲ್ಲದ ಕಂಪನಿಯ ಸಿಮ್ ಆದರೆ E ಬರುವುದೇ ಇಲ್ಲ. ಅಂಚು ದಾಟಿದೊಡನೆ ಸಿಗ್ನಲ್ ಪೂರ್ತಿ ಹೋಗುತ್ತದೆ, ಎರಡು ಗೆರೆಗಳ ಪ್ರಯೋಗ ತೋರಿಸಲಾಗದು. ಮಕ್ಕಳ ಮನೆಯ ಫೋನಿನಲ್ಲಿ LTE only ಹಾಕಿ ಅಳೆದರೆ, ಅಲ್ಲಿಂದ ಹೊರಡುವ ಮುನ್ನ ಅದನ್ನು ಆಟೋಗೆ ಮರಳಿಸಿ, ಒಂದು ಕರೆ ಮಾಡಿ ಖಚಿತಪಡಿಸಿಕೊಳ್ಳಿ.