ಉತ್ಪಾದಕರ ಕಂಪೆನಿಯ ಎರಡು ಪತ್ರಗಳು: ಮೆಮೊರಾಂಡಂ ಮತ್ತು ಆರ್ಟಿಕಲ್ಸ್

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಸೀಮೆಗಳಲ್ಲಿ ಟೊಮೇಟೊ, ದ್ರಾಕ್ಷಿ, ರೇಷ್ಮೆಗೂಡು ಮೊದಲಾದುವನ್ನು ಬೆಳೆಯುವ ರೈತರು ಒಟ್ಟುಗೂಡಿ ಉತ್ಪಾದಕರ ಕಂಪೆನಿಯನ್ನು ಸ್ಥಾಪಿಸಬಹುದು. ಇದಕ್ಕೆ 2013ನೆಯ ಇಸವಿಯ ಕಂಪೆನಿಗಳ ಕಾನೂನಿನಲ್ಲಿ ಅವಕಾಶವಿದೆ. ಕನಿಷ್ಠಪಕ್ಷ ಹತ್ತು ಮಂದಿ ಬೆಳೆಗಾರರು ಸೇರಬೇಕು. ಇವರು ರಿಜಿಸ್ಟ್ರಾರರಿಗೆ ಒಪ್ಪಿಸತಕ್ಕ ಕಾಗದಗಳಲ್ಲಿ ಮೆಮೊರಾಂಡಂ ಮತ್ತು ಆರ್ಟಿಕಲ್ಸ್ ಎಂಬ ಎರಡು ಮುಖ್ಯವಾದುವು. ಇವೆರಡೂ ಒಂದೇ ಎಂದು ಭಾವಿಸಿ ಓದದೆ ರುಜು ಹಾಕುವುದು ಸರಿಯಲ್ಲ.

ಮೆಮೊರಾಂಡಂ ಕಂಪೆನಿಗೆ ಎಲ್ಲೆಕಲ್ಲು ಇದ್ದಂತೆ. ಕಂಪೆನಿಯ ಹೆಸರು, ಕಚೇರಿ ಇರುವ ರಾಜ್ಯ, ಉದ್ದೇಶಗಳು, ಷೇರು ಬಂಡವಾಳ, ಸದಸ್ಯರ ಹೊಣೆಯ ಮಿತಿ, ಮೊದಲ ಡೈರೆಕ್ಟರುಗಳ ಹೆಸರು, ಇವು ಅದರಲ್ಲಿರುತ್ತವೆ. ಕಂಪೆನಿಯೊಡನೆ ವ್ಯವಹರಿಸುವ ಹೊರಗಿನವರು ಇದನ್ನು ನೋಡಿ ಅದರ ಅಧಿಕಾರವೆಷ್ಟೆಂದು ತಿಳಿಯುತ್ತಾರೆ.

ಆರ್ಟಿಕಲ್ಸ್ ಎಂಬುದು ಆ ಎಲ್ಲೆಯೊಳಗಿನ ಆಡಳಿತದ ಕಟ್ಟಳೆ. ಯಾರು ಸದಸ್ಯರಾಗಬಹುದು, ಯಾವಾಗ ಸದಸ್ಯತ್ವ ರದ್ದಾಗುತ್ತದೆ, ಡೈರೆಕ್ಟರುಗಳ ಅವಧಿಯೆಷ್ಟು, ಸರಕು ಒಪ್ಪಿಸಿದವರಿಗೆ ಲಾಭದ ಪಾಲನ್ನು ಹೇಗೆ ಹಂಚಬೇಕು, ಇಂಥ ಒಳಗಿನ ಸಂಗತಿಗಳು ಇದರಲ್ಲಿವೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಚಿಂತಾಮಣಿಯ ಕೆಲವು ರೈತರು ತಮ್ಮ ಟೊಮೇಟೊ ಮಾರಲು ಕಂಪೆನಿಯನ್ನು ಕಟ್ಟಿದರು. ಎರಡು ವರ್ಷಗಳ ತರುವಾಯ, ಗಡಿಯಾಚೆ ಆಂಧ್ರದ ಮದನಪಲ್ಲಿಯಲ್ಲಿಯೂ ಕೇಂದ್ರವನ್ನು ತೆರೆದು, ಅಲ್ಲಿಯ ರೈತರನ್ನೂ ಸೇರಿಸಿಕೊಂಡು ವ್ಯಾಪಾರ ನಡೆಸಬೇಕೆಂದು ಬಯಸಿದರು. ಉದ್ದೇಶಗಳು ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ವ್ಯಾಪಿಸುವುದಾದರೆ ಆ ರಾಜ್ಯಗಳ ಹೆಸರುಗಳು ಮೆಮೊರಾಂಡಂನಲ್ಲಿಯೇ ಇರತಕ್ಕದ್ದು. ಇಲ್ಲಿ ಕರ್ನಾಟಕದ ಹೆಸರು ಮಾತ್ರವಿದ್ದುದರಿಂದ, ಆರ್ಟಿಕಲ್ಸ್‌ಗೆ ಒಂದು ನಿಯಮವನ್ನು ಸೇರಿಸಿದರೆ ಕೆಲಸವಾಗದು. ಸದಸ್ಯರ ಸಭೆಯಲ್ಲಿ ವಿಶೇಷ ನಿರ್ಣಯವಾಗಬೇಕು. ಎಂದರೆ ಪರವಾದ ವೋಟುಗಳು ವಿರೋಧದವುಗಳ ಮೂರರಷ್ಟಕ್ಕೆ ಕಡಮೆಯಿರಬಾರದು. ಇಬ್ಬರು ಡೈರೆಕ್ಟರುಗಳು ದೃಢೀಕರಿಸಿದ ಪ್ರತಿಯನ್ನು 30 ದಿನಗಳೊಳಗೆ ರಿಜಿಸ್ಟ್ರಾರರಿಗೆ ಕಳುಹಿಸಬೇಕು.

ಉದ್ದೇಶದ ಎಲ್ಲೆಯನ್ನು ಮೀರಿದರೆ ಆಗುವುದೇನೆಂಬುದಕ್ಕೆ ಇಂಗ್ಲೆಂಡಿನ 1875ನೆಯ ಇಸವಿಯ ಒಂದು ತೀರ್ಪು ಪ್ರಸಿದ್ಧವಾಗಿದೆ. ರೈಲುಗಾಡಿಗಳನ್ನು ತಯಾರಿಸುವ ಆಶ್‌ಬರಿ ಕಂಪೆನಿಯು ಬೆಲ್ಜಿಯಂನಲ್ಲಿ ರೈಲುಹಾದಿ ಕಟ್ಟುವ ಕರಾರಿಗೆ ಒಳಗಾಯಿತು. ಅದು ಮೆಮೊರಾಂಡಂನಲ್ಲಿ ಇಲ್ಲದ ಕೆಲಸ. ಷೇರುದಾರರೆಲ್ಲರೂ ಒಪ್ಪಿದರೂ ಆ ಕರಾರು ಊರ್ಜಿತವಾಗಲಾರದೆಂದು ತೀರ್ಮಾನವಾಯಿತು.

ಅದೇ ಚಿಂತಾಮಣಿಯ ಕಂಪೆನಿಯು ಡೈರೆಕ್ಟರುಗಳ ಅವಧಿಯನ್ನು ಕಾನೂನಿನ ಮಿತಿಯೊಳಗೆ ಬದಲಿಸಬೇಕೆಂದರೆ ಆರ್ಟಿಕಲ್ಸ್ ತಿದ್ದಿದರೆ ಸಾಕು. ಚುನಾಯಿತ ಡೈರೆಕ್ಟರುಗಳಲ್ಲಿ ಮೂರನೆಯ ಎರಡು ಪಾಲಾದರೂ, ಇಲ್ಲವೆ ಸದಸ್ಯರಲ್ಲಿ ಮೂರನೆಯ ಒಂದು ಪಾಲಾದರೂ ಸೂಚಿಸಿ, ಸಭೆಯಲ್ಲಿ ವಿಶೇಷ ನಿರ್ಣಯವಾಗಬೇಕು.

ಎರಡು ಪತ್ರಗಳಿಗೂ ಹೊಂದಿಕೆಯಿಲ್ಲದಿದ್ದರೆ ಮೆಮೊರಾಂಡಂ ನಿಲ್ಲುತ್ತದೆ. ಎರಡಕ್ಕೂ ಮೇಲಾದುದು ಕಾನೂನು. ಹೆಚ್ಚು ಭೂಮಿಯೂ ಹೆಚ್ಚು ಷೇರುಗಳೂ ಉಳ್ಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸದಸ್ಯರೆಲ್ಲರೂ ವ್ಯಕ್ತಿಗಳೇ ಆಗಿರುವ ಕಂಪೆನಿಯಲ್ಲಿ, ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ವೋಟು. ಹತ್ತು ಷೇರಿಗೆ ಹತ್ತು ವೋಟು ಎಂದು ಆರ್ಟಿಕಲ್ಸ್‌ನಲ್ಲಿ ಬರೆದುಕೊಂಡರೂ ಅದು ನಡೆಯದು.

ಆದಕಾರಣ ರುಜು ಹಾಕುವ ಮುನ್ನ ಮೆಮೊರಾಂಡಂನಲ್ಲಿ ಉದ್ದೇಶಗಳನ್ನೂ ರಾಜ್ಯಗಳ ಹೆಸರನ್ನೂ, ಆರ್ಟಿಕಲ್ಸ್‌ನಲ್ಲಿ ಸದಸ್ಯತ್ವವನ್ನೂ ಹಂಚಿಕೆಯ ಕ್ರಮವನ್ನೂ ಕನ್ನಡದಲ್ಲಿ ಓದಿಸಿ ಕೇಳತಕ್ಕದ್ದು.