ಕಂತಿನೊಳಗಣ ಅಸಲು ಮತ್ತು ಬಡ್ಡಿ

ಹಂಪಾಪುರದ ನಮ್ಮ ಚಿಕ್ಕಪ್ಪನವರು ಎರಡು ಸೀಮೆ ಹಸು ಕೊಳ್ಳಲು ಒಂದು ಲಕ್ಷ ರೂಪಾಯಿ ಸಾಲ ಪಡೆದಿದ್ದರು. ಬಡ್ಡಿ ವರ್ಷಕ್ಕೆ ಶೇಕಡ 12. ಅವಧಿ 60 ತಿಂಗಳು. ಕಂತು 2,224 ರೂಪಾಯಿ. ಮೂವತ್ತು ಕಂತು ತಪ್ಪದೆ ಕಟ್ಟಿದ ಮೇಲೆ, ಶುಂಠಿ ಮಾರಿದ ಹಣದಲ್ಲಿ 50,000 ಹಿಡಿದು ಸಾಲ ತೀರಿಸಲು ಹೋದರು. ಬಾಕಿ 57,400ಕ್ಕೂ ಮೇಲಿದೆಯೆಂದು ಅಲ್ಲಿ ಹೇಳಿದರು. "ಅರ್ಧ ಕಂತು ಕಟ್ಟಿವ್ನಿ ಕಣ್ ಮಗ, ಸಾಲ ಅರ್ಧನೂ ಇಳಿದಿಲ್ಲ ಅಂತಾರಲ್ಲ, ಇದ್ಯಾವ ಲೆಕ್ಕ?" ಎಂದು ನನ್ನ ಮುಂದೆ ಪಾಸುಪುಸ್ತಕವನ್ನಿಟ್ಟರು. ಮೋಸವೇ ನಡೆದಿದೆಯೆಂದು ಮೊದಲು ನನಗೂ ತೋರಿತು. ಲೆಕ್ಕ ಹಾಕಿ ನೋಡಿದೆ.

ಕಂತಿನ ಮೊತ್ತ ಪ್ರತಿ ತಿಂಗಳೂ ಒಂದೇ. ಅದರ ಒಳಗಣ ಪಾಲು ಮಾತ್ರ ಬೇರೆ ಬೇರೆ. ಆ ತಿಂಗಳು ಉಳಿದಿರುವ ಅಸಲಿಗೆ ಮೊದಲು ಬಡ್ಡಿ ಕಟ್ಟಬೇಕು. ಮಿಕ್ಕದ್ದು ಅಸಲಿಗೆ ಜಮೆಯಾಗುತ್ತದೆ. ತಿಂಗಳ ಬಡ್ಡಿ ನೂರಕ್ಕೆ ಒಂದು ರೂಪಾಯಿ. ಮೊದಲ ತಿಂಗಳು ಲಕ್ಷಕ್ಕೆ ಬಡ್ಡಿ 1,000. ಆದುದರಿಂದ ಅಸಲಿಗೆ ಸಂದದ್ದು 1,224. ಉಳಿದ ಬಾಕಿ 98,776. ಎರಡನೆಯ ತಿಂಗಳು ಇದಕ್ಕೆ ಬಡ್ಡಿ 988; ಅಸಲಿಗೆ 1,236; ಬಾಕಿ 97,540. ಹೀಗೆ ಬಡ್ಡಿ ತಿಂಗಳು ತಿಂಗಳೂ ಕರಗುತ್ತದೆ, ಅಸಲಿನ ಪಾಲು ನೂರಕ್ಕೆ ಒಂದರಂತೆ ಬೆಳೆಯುತ್ತದೆ. ಆರಂಭದಲ್ಲಿ ಸಾಲ ದೊಡ್ಡದು, ಆದಕಾರಣ ಬಡ್ಡಿಯೂ ದೊಡ್ಡದು. ಮೂವತ್ತು ಕಂತುಗಳಲ್ಲಿ ಅವರು ಕಟ್ಟಿದ್ದು 66,720. ಅದರಲ್ಲಿ ಸುಮಾರು 24,100 ಬಡ್ಡಿಗೇ ಹೋಗಿದೆ. ಅಂತೂ ಬಾಕಿ ಸರಿಯಾಗಿಯೇ ಇತ್ತು. ಪೈಸೆ ಬಿಟ್ಟ ಸಣ್ಣ ವ್ಯತ್ಯಾಸವನ್ನು ಕೊನೆಯ ಕಂತಿನಲ್ಲಿ ಸರಿಪಡಿಸುತ್ತಾರೆ.

ನಿಜವಾದ ಮೋಸ ಬೇರೆ ಬಗೆಯದು. ಪಟ್ಟಿಯಲ್ಲಿ ಬಡ್ಡಿಯ ಅಂಕಣ ಅರವತ್ತು ತಿಂಗಳೂ 1,000 ಎಂದೇ ಇದ್ದರೆ, ತೀರಿಸಿದ ಅಸಲಿಗೂ ಬಡ್ಡಿ ಹಾಕುತ್ತಿದ್ದಾರೆಂದು ತಿಳಿಯಬೇಕು. ಆಗ ಕಂತು 2,667 ಆಗುತ್ತದೆ. ಬಾಯಲ್ಲಿ ಶೇಕಡ 12 ಎಂದರೂ ಅದು ಶೇಕಡ 20ನ್ನು ಮೀರುತ್ತದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೆ ಇಂಥ ಕಂತಿನ ಪಟ್ಟಿಯನ್ನೂ ವಾಸ್ತವ ವಾರ್ಷಿಕ ದರವನ್ನೂ ಮೊದಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ.

ಇನ್ನು ಆ 50,000ದ ವಿಚಾರ. ಅದನ್ನು 'ಮುಂದಿನ ಕಂತುಗಳ ಮುಂಗಡ' ಎಂದು ಬರೆದುಕೊಂಡರೆ ಬಾಕಿ ಇಳಿಯುವುದಿಲ್ಲ, ಬಡ್ಡಿ ಓಡುತ್ತಲೇ ಇರುತ್ತದೆ. ಅಂದೇ ಅಸಲಿಗೆ ಜಮೆ ಮಾಡಿಸಿದರೆ ಬಾಕಿ 7,420ರಷ್ಟಾಗಿ, ಮೂವತ್ತು ಕಂತಿನ ಬದಲು ನಾಲ್ಕೇ ಉಳಿಯುತ್ತವೆ. ಸುಮಾರು 9,100 ರೂಪಾಯಿ ಬಡ್ಡಿ ತಪ್ಪುತ್ತದೆ. ಅವಧಿಗೆ ಮುನ್ನ ಕಟ್ಟಿದ್ದಕ್ಕೆ ಶುಲ್ಕವುಂಟೇ ಎಂದು ಕೇಳಿಕೊಂಡು, ಚಿಕ್ಕಪ್ಪನವರು ರಸೀತಿಯ ಮೇಲೆ 'ಅಸಲಿಗೆ' ಎಂದು ಬರೆಸಿಕೊಂಡೇ ಬಂದರು.